ಕೊತ್ತಗೆರೆಯಾಚೆಯ ಕೆರೆಗೆ ಬರೆದಿಟ್ಟ ಮೂರು ಹಾಳೆ

ಅರವತ್ತರ ದಶಕದ ಮೊದಲ ವರ್ಷಗಳು. ಓವರ್‌ಸಿಯರ್ ಕೆಲಸಕ್ಕೆ ಆರ್ಡರ್ ಬಂದಾಗ ನಾನು ತುಮಕೂರಿನ ಶಿರಾ ಗೇಟ್ ಹತ್ತಿರ ಅಣ್ಣನ ಮನೆಯಲ್ಲಿದ್ದೆ. ಡಿಪ್ಲೊಮಾ ಮುಗಿಸಿ ಹೆಚ್ಚು ದಿನ ಆಗಿರಲಿಲ್ಲ. ಕುಣಿಗಲ್ ಸಬ್‌ಡಿವಿಷನ್ ಆಫೀಸಿಗೆ ಹೋಗಿ ಸೇರಿಕೊ ಎಂದಿತ್ತು ಆರ್ಡರ್. ಅತ್ತಿಗೆ ಕಟ್ಟಿಕೊಟ್ಟ ಬುತ್ತಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಬಸ್ಸು ಹತ್ತಿದೆ. ಕೆರೆಗಳ ಸೀಮೆಗೆ ಹೋಗುತ್ತಿದ್ದೇನೆ, ಸ್ವಂತ ಕೈಯಲ್ಲಿ ಏರಿ, ತೂಬು, ಕೋಡಿ ನೋಡಿಕೊಳ್ಳುತ್ತೇನೆ ಅನ್ನುವ ಹುರುಪಿನಲ್ಲಿ ದಾರಿಯುದ್ದಕ್ಕೂ ಕಂಡ ಒಂದೊಂದು ಕೆರೆಯನ್ನೂ ಕತ್ತು ಹೊರಗೆ ಹಾಕಿ ನೋಡಿದೆ. ಕಂಡಕ್ಟರು ಎರಡು ಸಲ ಬೈದ.

ನನಗಿಂತ ಮುಂಚೆ ಅಲ್ಲಿದ್ದ ಓವರ್‌ಸಿಯರನ್ನು ಗುಬ್ಬಿಗೆ ವರ್ಗ ಮಾಡಿದ್ದರು. ಅಲ್ಲಿ ಅರ್ಜೆಂಟ್ ಕೆಲಸವಿತ್ತಂತೆ, ನಾನು ಬರುವ ಹೊತ್ತಿಗೆ ಅವರು ಹೊರಟೇ ಹೋಗಿದ್ದರು. ಮುಖ ನೋಡದೆ ಚಾರ್ಜ್ ತಗೊಂಡೆ. ಗುಮಾಸ್ತರು ಬೀರುವಿನ ಬೀಗದಕೈ, ಲೆವೆಲ್ ನೋಡುವ ದುರ್ಬೀನು, ಒಂದು ಹಳೇ ಟೇಪು, ಫೈಲುಗಳ ಕಟ್ಟು ಎಲ್ಲವನ್ನೂ ಒಪ್ಪಿಸಿ ಸಹಿ ಹಾಕಿಸಿಕೊಂಡರು.

ಕೆಲಸ ಅರ್ಥ ಮಾಡಿಕೊಳ್ಳೋಣವೆಂದು ನಾನು ಆ ಫೈಲುಗಳನ್ನು ಒಂದೊಂದಾಗಿ ಓದತೊಡಗಿದೆ. ಪ್ರತಿ ಫೈಲಿನ ಕೊನೆಗೂ ಇಂಗ್ಲಿಷಿನಲ್ಲಿ ಒಂದೇ ಸಾಲು: ಕೆಲಸ ತೃಪ್ತಿಕರವಾಗಿ ಮುಗಿದಿದೆ. ಕೆಳಗೆ ಸಹಿ. ಓದಿದರೆ ಏನು ಮುಗಿಯಿತು, ಎಲ್ಲಿ ಮುಗಿಯಿತು, ಒಂದೂ ತಿಳಿಯುತ್ತಿರಲಿಲ್ಲ. ಆದರೆ ಕೊತ್ತಗೆರೆಯಾಚೆಯ ಒಂದು ಹಳ್ಳಿಯ ಕೆರೆ ರಿಪೇರಿ ಫೈಲಿನಲ್ಲಿ ಆ ಸಾಲಿನ ಹಿಂದೆ ಮೂರು ಹಾಳೆ ಪಿನ್ನು ಮಾಡಿ ಇಟ್ಟಿತ್ತು. ಗುಬ್ಬಿಗೆ ಹೋದವರ ಕೈಬರಹ. ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ, ಮೇಲುಗಡೆ ಹೀಗೆ ಬರೆದಿದ್ದರು: ‘ಈ ಕೆರೆಯನ್ನು ಮುಂದೆ ನೋಡಿಕೊಳ್ಳುವವರಿಗೆ ಮತ್ತು ಲೆಕ್ಕ ನೋಡುವವರಿಗೆ.’

ನಾನು ಕುರ್ಚಿ ಕಿಟಕಿ ಕಡೆಗೆ ಎಳೆದುಕೊಂಡು ಕೂತೆ. ಆ ಏರಿಯ ಗದ್ದೆ ಕಡೆಯ ಬುಡದಲ್ಲಿ ನೀರು ಒಸರುತ್ತಿತ್ತಂತೆ. ಅದಕ್ಕೆ ತೂಬಿನ ಪಶ್ಚಿಮಕ್ಕೆ ಒಂದು ಬಸಿಗಾಲುವೆ ಮಾಡಿಸಿದ್ದಾರೆ: ಒಳಗೆ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ತೂಬಿನ ಹೊರಬಾಯಿಯ ಕಲ್ಲುಕಟ್ಟಡದ ಮೂಲೆಯಿಂದ ಅಳತೆ ಮಾಡಿ ಬರೆದಿದ್ದರು. ಆಮೇಲೆ ‘ಮಾಡಿದ್ದು’, ‘ಮಾಡದೆ ಉಳಿದದ್ದು’, ‘ಉಳಿದ ಸಾಮಾನು ಎಲ್ಲಿದೆ’, ‘ಕೆರೆ ತುಂಬಿದಾಗ ನೋಡಬೇಕಾದ್ದು’ ಎಂದು ಬೇರೆ ಬೇರೆ ತಲೆಬರಹ. ಓದುತ್ತಿದ್ದರೆ ಯಾರೋ ಹಿರಿಯರು ಕೈಹಿಡಿದು ಏರಿ ಮೇಲೆ ನಡೆಸಿಕೊಂಡು ಹೋದ ಹಾಗಾಗುತ್ತಿತ್ತು. ಮರುವಾರವೇ ಹೋಗಿ ನೋಡಬೇಕೆಂದುಕೊಂಡೆ. ಅಷ್ಟರಲ್ಲಿ ಹಿಂಗಾರು ಮಳೆ ಹಿಡಿಯಿತು.

ಹಿಡಿಯಿತು ಅಂದರೆ ಬಿಡಲೇ ಇಲ್ಲ. ಕುಣಿಗಲ್ ಪೇಟೆಯಲ್ಲಿ ಜನ ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದುದೇ ಕೆರೆಗಳ ಲೆಕ್ಕದಲ್ಲಿ. ಆ ಕೆರೆ ಮುಕ್ಕಾಲು ಬಂತಂತೆ, ಈ ಕೆರೆ ಕೋಡಿ ಬಿತ್ತಂತೆ. ಹೋಟೆಲಿನಲ್ಲಿ ಕಾಫಿ ಕೊಡುವವನೂ ಅದನ್ನೇ ಹೇಳುವವನು. ಎಲ್ಲರ ಮುಖದಲ್ಲೂ ನಗು. ನನಗೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಬೆಳಗ್ಗೆ ನಾನು ಆಫೀಸಿನ ಬಾಗಿಲಲ್ಲಿದ್ದಾಗ ಒಬ್ಬ ರೈತ ಸೈಕಲ್ಲಿನಲ್ಲಿ ಬಂದು ಇಳಿದ. ಮೈಯೆಲ್ಲ ಕೆಸರು.

“ಓವರ್‌ಸೀರ್ ಸ್ವಾಮಿ, ನಮ್ಮ ಕೆರೆ ತುಂಬ್ಬುಡ್ತು. ಆದ್ರೆ ಏರಿ ಬುಡದಾಗೆ ನೀರು ಬತ್ತಾ ಅದೆ. ಜನ ಕೋಡಿ ಒಡೀತೀವಿ ಅಂತ ಹಾರೆ ತಕ್ಕೊಂಡು ನಿಂತವ್ರೆ. ಪಟೇಲ್ರು ಕರ್ಕೊಂಡ್ ಬಾ ಅಂದ್ರು.”

ಅದೇ ಕೆರೆ. ನಮ್ಮ ಇಂಜಿನಿಯರು ತುಮಕೂರಿಗೆ ಹೋಗಿದ್ದರು. ಫೋನ್ ಮಾಡೋಣವೆಂದರೆ ಮಳೆಗೆ ತಂತಿ ಬಿದ್ದಿತ್ತು. ಗುಮಾಸ್ತರಿಗೆ ಹೇಳಿ, ಆ ಮೂರು ಹಾಳೆಯನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು, ಟೇಪು ಹೆಗಲಿಗೆ ಹಾಕಿಕೊಂಡು ಸೈಕಲ್ಲಿನ ಹಿಂದೆ ಕೂತೆ. ಏರು ಬಂದಲ್ಲಿ ಇಳಿದು ಇಬ್ಬರೂ ತಳ್ಳಿದೆವು. ಇಳಿಜಾರು ಬಂದಲ್ಲಿ ಅವನು ಬ್ರೇಕೇ ಹಿಡಿಯಲಿಲ್ಲ.

ಏರಿ ಮೇಲೆ ಹತ್ತಿ ನೋಡಿದೆ. ಕಣ್ಣು ಹಾಯುವವರೆಗೂ ಕೆಂಚು ನೀರು, ಗಾಳಿಗೆ ಅಲೆ ಎದ್ದು ಏರಿಯ ಕಲ್ಲಿಗೆ ಬಡಿಯುತ್ತಿತ್ತು. ಆ ಕಡೆ ತುದಿಯಲ್ಲಿ ಕೋಡಿ ಮೇಲೆ ನೀರು ಹಾಲಿನಂತೆ ಹಾರಿ ಬೀಳುತ್ತಿತ್ತು. ಹೆದರಬೇಕಾದ ಹೊತ್ತಿನಲ್ಲೂ ನೋಡಿ ಖುಷಿಯಾಯಿತು.

ಜನ ಏರಿಯ ಪಶ್ಚಿಮದ ಕಡೆ ಬುಡದಲ್ಲಿ ಗುಂಪಾಗಿದ್ದರು. ಕಲ್ಲಿನ ಸಂದಿಯಿಂದ ನೀರು ಧಾರೆಯಾಗಿ ಬರುತ್ತಿತ್ತು. ಪಟೇಲರು ಕಂಬಳಿ ಹೊದ್ದು ಮುಂದೆ ನಿಂತಿದ್ದರು, ಗಟ್ಟಿ ಆಳು.

“ನೋಡಿ ಸ್ವಾಮಿ, ಏರಿ ತೂತು ಬಿದ್ದದೆ. ಕೋಡಿ ಒಡ್ದು ನೀರು ಬುಟ್ರೆ ಊರು ಉಳೀತದೆ. ನೀವು ಹೂಂ ಅನ್ನಿ.”

ಹಿಂದಿನಿಂದ ಇನ್ನೊಬ್ಬ ಕೂಗಿದ, “ಒಡೆದ್ರೆ ಕೆಳಗಿನ ಗದ್ದೆ ಎಲ್ಲ ಕೊಚ್ಕೊಂಡ್ ಹೋಯ್ತವೆ. ಇಷ್ಟು ವರ್ಷಕ್ಕೆ ತುಂಬೈತೆ, ಒಡೀಬ್ಯಾಡಿ!”

“ಏರಿ ಹೋದ್ರೆ ಎಲ್ಲಾನೂ ಹೋಯ್ತದೆ ಕಣ್ಲಾ!” ಅಂದ ಮತ್ತೊಬ್ಬ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಒಬ್ಬರ ಕೊಡೆಯ ಕೆಳಗೆ ನಿಂತು ಹಾಳೆ ಬಿಚ್ಚಿ ಎಲ್ಲರಿಗೂ ಕೇಳುವ ಹಾಗೆ ಓದಿದೆ: “‘ಕೆರೆ ತುಂಬಿದಾಗ ಈ ಬಸಿಗಾಲುವೆಯ ಬಾಯಲ್ಲಿ ನೀರು ಬರುತ್ತದೆ. ಬರಬೇಕೆಂದೇ ಮಾಡಿದ್ದು. ನೋಡಬೇಕಾದ್ದು ನೀರಿನ ಬಣ್ಣ. ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಹಿಡಿಯಿರಿ, ಸ್ವಲ್ಪ ಹೊತ್ತು ಇಟ್ಟು ತಳ ನೋಡಿ. ತಿಳಿಯಾಗಿದ್ದರೆ ಹೆದರಬೇಡಿ. ಕೆಂಪಗೆ ಬಂದರೆ, ತಳದಲ್ಲಿ ಮಣ್ಣು ಕೂತರೆ, ಏರಿಯೊಳಗಿನ ಮಣ್ಣು ಹೋಗುತ್ತಿದೆ ಎಂದು ಅರ್ಥ.’”

“ಗಾಜಿನ ಲೋಟ ಎಲ್ಲಾದ್ರೂ ಸಿಗುತ್ತಾ?” ಅಂತ ಕೇಳಿದೆ. ಪಟೇಲರ ಮನೆಯಿಂದ ಓಡಿಹೋಗಿ ತಂದರು. ನಾನು ಕಲ್ಲಿನ ಸಂದಿಗೆ ಲೋಟ ಹಿಡಿದೆ, ಮೇಲೆತ್ತಿದೆ. ನೀರು ಬಾವಿ ನೀರಿನ ಹಾಗೆ ತಿಳಿಯಾಗಿತ್ತು. ಕಲ್ಲಿನ ಮೇಲೆ ಇಟ್ಟು ಕಾದೆವು. ಗುಂಪಿಗೆ ಗುಂಪೇ ಒಂದು ಲೋಟದ ಮೇಲೆ ಬಗ್ಗಿತ್ತು. ತಳದಲ್ಲಿ ಏನೂ ಕೂರಲಿಲ್ಲ.

“ತಿಳಿ ಅದೆ!” ಪಟೇಲರು ಲೋಟ ಎತ್ತಿ ತೋರಿಸಿದರು. “ಹಾರೆ ಕೆಳಗಿಡ್ರೋ!”

ಜನ ಕೇಕೆ ಹಾಕಿದರು. ನನಗೂ ಹಾಕಬೇಕೆನಿಸಿತು. ಆದರೆ ಹಾಳೆಯಲ್ಲಿ ಇನ್ನೂ ಇತ್ತು. ‘ಮಾಡದೆ ಉಳಿದದ್ದು’ ಅನ್ನುವ ತಲೆಬರಹದ ಕೆಳಗೆ ಹೀಗಿತ್ತು: ‘ತೂಬಿನ ಪೂರ್ವಕ್ಕೆ ಬಸಿಗಾಲುವೆ ಮಾಡಿಲ್ಲ. ಎಸ್ಟಿಮೇಟಿನಲ್ಲಿ ಮಂಜೂರಾದದ್ದು ಪಶ್ಚಿಮದ ಭಾಗಕ್ಕೆ ಮಾತ್ರ. ಆದರೆ ಹೊರಬಾಯಿಯ ಕಟ್ಟಡದ ಮೂಲೆಯಿಂದ ಪೂರ್ವಕ್ಕೆ ನೂರಿಪ್ಪತ್ತು ಅಡಿಯ ಆಸುಪಾಸಿನಲ್ಲಿ ಬೇಸಿಗೆಯಲ್ಲೂ ನೆಲ ತೇವವಿತ್ತು, ಹುಲ್ಲು ಹಸಿರಾಗಿತ್ತು. ಕಾರಣ ನನಗೆ ಗೊತ್ತಾಗಲಿಲ್ಲ. ಕೆರೆ ತುಂಬಿದಾಗ ಮೊದಲು ನೋಡಬೇಕಾದ್ದು ಈ ಜಾಗ.’

ಟೇಪಿನ ಒಂದು ತುದಿಯನ್ನು ನೀರುಗಂಟಿಯ ಕೈಗೆ ಕೊಟ್ಟೆ. ಆ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಹಂಚುತ್ತಿದ್ದವನು ಅವನೇ. ಅವನು ತೂಬಿನ ಮೂಲೆಯಲ್ಲಿ ಹಿಡಿದು ನಿಂತ, ನಾನು ಮೊಣಕಾಲುದ್ದದ ಹುಲ್ಲಿನಲ್ಲಿ ಪೂರ್ವಕ್ಕೆ ನಡೆದೆ. ಟೇಪು ಮುಗಿದಲ್ಲಿ ಗೂಟ ಹೊಡೆದು ಮತ್ತೆ ಅಲ್ಲಿಂದ ಹಿಡಿಸಿದೆ. ನೂರು ದಾಟಿತು. ಕಾಲು ಹೂತಿತು. ಹುಲ್ಲು ಸರಿಸಿ ನೋಡಿದರೆ ನೆಲದಲ್ಲಿ ಒಂದು ಹಿಡಿಯಷ್ಟು ಅಗಲದ ಬಾಯಿ. ಅದರಿಂದ ನೀರು ಅನ್ನ ಕುದಿಯುವ ಹಾಗೆ ಬುಳುಬುಳು ಉಕ್ಕುತ್ತಿತ್ತು. ಕೆಂಪು ನೀರು. ಸುತ್ತ ನುಣುಪು ಮಣ್ಣು ಇರುವೆಗೂಡಿನ ಬಾಯಂತೆ ಕೂತಿತ್ತು.

“ಇಲ್ಲಿ! ಇಲ್ಲಿ ಬನ್ನಿ!” ಎಂದು ಕೂಗಿದೆ.

ಪಟೇಲರು ಓಡಿ ಬಂದು ನೋಡಿದವರೇ ಕೂಗು ಹಾಕಿದರು: “ಜೇಡಿಮಣ್ಣು ತನ್ರೋ, ಗೋಣಿಚೀಲ ತನ್ರೋ, ಬಿಗಿಯಾಗಿ ಮುಚ್ಚಿ!”

ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ಆದರೆ ಹಾಳೆಯ ಮುಂದಿನ ಸಾಲು ಕಣ್ಣಿಗೆ ಬಿತ್ತು. “ತಡೀರಿ ಪಟೇಲ್ರೇ, ಮುಚ್ಚಬಾರದಂತೆ. ಕೇಳಿ. ‘ಮಣ್ಣುನೀರು ಉಕ್ಕಿದರೆ ಜೇಡಿಯಿಂದ ಬಾಯಿ ಮುಚ್ಚಬೇಡಿ. ಮುಚ್ಚಿದರೆ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ಮಾಡಿಕೊಳ್ಳುತ್ತದೆ. ನೀರನ್ನು ಬಿಡಿ, ಮಣ್ಣನ್ನು ಹಿಡಿಯಿರಿ. ಉಕ್ಕುವ ಬಾಯಿಯ ಮೇಲೂ ಸುತ್ತಲೂ ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು. ರಭಸಕ್ಕೆ ಮರಳು ನಿಲ್ಲದಿದ್ದರೆ ಮೊದಲು ಒಂದಿಷ್ಟು ಜಲ್ಲಿ ಸುರಿದು ರಭಸ ಮುರಿದು, ಆಮೇಲೆ ಮರಳಿನಿಂದ ಶುರುಮಾಡಿ. ತೂಬು ಪೂರಾ ಎತ್ತಿಸಿ.’”

“ಮರಳು ಎಲ್ಲೈತೆ ಸ್ವಾಮಿ, ಈ ಮಳೇಲಿ? ಹೊಳೆ ತುಂಬಿ ಹರೀತಾ ಅದೆ,” ಅಂದ ಒಬ್ಬ.

ಅದೂ ಹಾಳೆಯಲ್ಲಿತ್ತು! ‘ಉಳಿದ ಸಾಮಾನು: ಮರಳು ನಾಲ್ಕು ಗಾಡಿ, ಜಲ್ಲಿ ಮೂರು ಗಾಡಿ, ಕಲ್ಲು ಒಂದು ರಾಶಿ. ಖರ್ಚು ತೋರಿಸಿಲ್ಲ. ಚಾವಡಿಯ ಹಿಂದೆ ಇಟ್ಟು ಪಟೇಲರ ವಶಕ್ಕೆ ಕೊಟ್ಟಿದೆ. ಅವರ ರುಜು ಈ ಹಾಳೆಯ ಹಿಂಬದಿಯಲ್ಲಿದೆ. ಪೂರ್ವದ ಜಾಗಕ್ಕೆ ಬೇಕಾಗಬಹುದೆಂದು ಇಟ್ಟದ್ದು.’

ಹಾಳೆ ತಿರುಗಿಸಿ ಪಟೇಲರ ಮುಂದೆ ಹಿಡಿದೆ. ಅವರು ತಮ್ಮ ರುಜುವನ್ನೇ ನೋಡಿ ಹಣೆ ಚಚ್ಚಿಕೊಂಡರು. “ಹೌದಲ್ವಾ! ಮ್ಯಾಲೆಲ್ಲ ಗಿಡ ಬೆಳ್ಕೊಂಡೈತೆ, ಮರ್ತೇ ಹೋಗಿತ್ತು. ಲೇ, ಮಂಕರಿ ತಗಳ್ರೋ ಎಲ್ಲಾರೂವೆ!”

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಕೋಡಿ ಒಡೆಯಬೇಕು ಅಂದವರು, ಬೇಡ ಅಂದವರು, ಹೆಂಗಸರು, ಗಂಡಸರು ಚಾವಡಿಯಿಂದ ಏರಿಯ ಬುಡದವರೆಗೆ ಸಾಲಾಗಿ ನಿಂತರು. ಮಂಕರಿ ಕೈಯಿಂದ ಕೈಗೆ ಬಂತು. ನೀರುಗಂಟಿ ತೂಬಿನ ಕಲ್ಲುಕಂಬದ ಮೇಲೆ ನಿಂತು ಅದರ ಬಾಯಿ ಮುಚ್ಚಿದ್ದ ಗೂಟ ಎತ್ತಿದ. ಕಾಲುವೆಯಲ್ಲಿ ನೀರು ಭೋರೆಂದು ಹೊರಟಿತು. ಮೊದಲು ಸುರಿದ ಮರಳನ್ನು ಉಕ್ಕುವ ನೀರು ಎತ್ತಿ ಎಸೆಯಿತು. “ಮರಳು ನಿಲ್ತಾ ಇಲ್ಲ, ಜಲ್ಲಿ ತನ್ನಿ!” ಎಂದೆ. ಜಲ್ಲಿ ಬಿದ್ದ ಮೇಲೆ ರಭಸ ಮುರಿಯಿತು. ಮತ್ತೆ ಮರಳು. ಮತ್ತೆ ಜಲ್ಲಿ. ಕೊನೆಗೆ ಕಲ್ಲು. ನಾನೂ ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತಿದ್ದೆ. ಹಾಳೆ ಪಟೇಲರ ಕಂಬಳಿಯೊಳಗೆ ಬೆಚ್ಚಗಿತ್ತು.

ಸ್ವಲ್ಪ ಹೊತ್ತು ಕಲ್ಲಿನ ಸಂದಿಯಿಂದ ಕೆಂಪು ನೀರೇ ಬಂತು. ಲೋಟ ಹಿಡಿದು ಹಿಡಿದು ನೋಡಿದೆವು. ಮೊದಲು ಚಹಾದ ಬಣ್ಣ. ಆಮೇಲೆ ಕಡಲೆಹಿಟ್ಟು ಕಲಸಿದ ನೀರಿನ ಬಣ್ಣ. ಮಳೆ ನಿಂತು ಗದ್ದೆಗಳ ಮೇಲೆ ಇಳಿಬಿಸಿಲು ಬಿದ್ದಾಗ ಪಟೇಲರ ಸೊಸೆ ತಾನೇ ಲೋಟ ತುಂಬಿಸಿ ಬೆಳಕಿಗೆ ಹಿಡಿದಳು. ಅದರಾಚೆಗೆ ಅವಳ ಬೆರಳು ಚೊಕ್ಕವಾಗಿ ಕಾಣುತ್ತಿತ್ತು.

“ತಿಳಿಯಾಯ್ತು ಮಾವಾ!”

ಆ ಕೂಗಿಗೆ ಏರಿ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದವು. ಪಟೇಲರು ನನ್ನನ್ನು ಕೆಸರುಮೈಯಲ್ಲೇ ತಬ್ಬಿಕೊಂಡರು. ಅವತ್ತು ಅವರ ಮನೆಯಲ್ಲಿ ಮುದ್ದೆ, ಹುರುಳಿಸಾರು. ಬೇರೆ ಯಾವತ್ತೂ ಅಷ್ಟು ಉಂಡದ್ದು ನನಗೆ ನೆನಪಿಲ್ಲ. ಉಕ್ಕಿದ ಜಾಗವನ್ನು ಸರದಿಯಲ್ಲಿ ಕಾಯಲು ಆಳು ನೇಮಿಸಿ, ಬಣ್ಣ ಕೆಂಪಾದರೆ ತಕ್ಷಣ ಹೇಳಿಕಳಿಸಿ ಎಂದು ಹೇಳಿ ನಾನು ಕುಣಿಗಲ್ಲಿಗೆ ಮರಳಿದೆ.

ಈಗ ಬರೆಯುವ ಸರದಿ ನನ್ನದು. ಹುಮ್ಮಸ್ಸಿನಲ್ಲಿ ಒಂದೇ ಏಟಿಗೆ ಬರೆದು ಮುಗಿಸಿದೆ. ಇಂಜಿನಿಯರು ಬಂದು ಜಾಗ ನೋಡಿ ಬೆನ್ನು ತಟ್ಟಿದರು. ನನಗೆ ಅದು ಸಾಲಲಿಲ್ಲ. ಆ ಮೂರು ಹಾಳೆ ಬರೆದವರಿಗೇ ತೋರಿಸಬೇಕಿತ್ತು. ಭಾನುವಾರ ತುಮಕೂರಿಗೆ ಹೋಗಿ, ಅಲ್ಲಿಂದ ಗುಬ್ಬಿ ಬಸ್ಸು ಹಿಡಿದೆ.

ಅವರು ಮನೆ ಮುಂದಿನ ಜಗಲಿಯಲ್ಲಿ ಕೂತು ಮಗಳ ಜಡೆಗೆ ರಿಬ್ಬನ್ ಕಟ್ಟುತ್ತಿದ್ದರು. ನಡುವಯಸ್ಸು, ಹಣೆಯಲ್ಲಿ ವಿಭೂತಿ. ನಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಿದ ಕೂಡಲೆ ಎದ್ದು ನಿಂತರು.

“ಕೆರೆ ತುಂಬ್ತೇನ್ರೀ?”

“ತುಂಬ್ತು ಸಾರ್.”

“ಪಶ್ಚಿಮದ ಕಡೆ ನೀರು ಯಾವ ಬಣ್ಣ ಇತ್ತು?”

“ತಿಳಿ. ಬಾವಿ ನೀರಿನ ಹಾಗೆ.”

ಅವರ ಮುಖ ಅರಳಿತು. “ಪೂರ್ವದ ಕಡೆ?”

ನಾನು ಎಲ್ಲವನ್ನೂ ಹೇಳಿದೆ. ಕೈಬೀಸಿ, ಜಗಲಿಯ ಮೇಲೆ ಏರಿಯ ಚಿತ್ರ ಬರೆದು ತೋರಿಸಿ ಹೇಳಿದೆ. ಅವರು ಮಧ್ಯೆ ಮಧ್ಯೆ “ಆಮೇಲೆ, ಆಮೇಲೆ” ಅನ್ನುತ್ತಿದ್ದರು. ಅವರ ಹೆಂಡತಿಯೂ ಬಾಗಿಲಲ್ಲಿ ನಿಂತು ಕೇಳಿದರು. ತಿಳಿಯಾಯ್ತು ಅನ್ನುವಲ್ಲಿಗೆ ಬಂದಾಗ ಅವರು ತೊಡೆ ತಟ್ಟಿ ನಕ್ಕುಬಿಟ್ಟರು. ಕಾಫಿ ಬಂತು. ಆಮೇಲೆ ನನ್ನ ಹಾಳೆ ಕೇಳಿ ಇಸಕೊಂಡು ಓದಿದರು.

“ಚೆನ್ನಾಗಿದೆ. ಆದ್ರೆ ಇಲ್ಲಿ ‘ಬೇವಿನ ಮರದ ಹತ್ತಿರ’ ಅಂದಿದೀರಿ. ನಾಳೆ ಯಾರಾದ್ರೂ ಮರ ಕಡಿದ್ರೆ?”

“ತೂಬಿನ ಮೂಲೆಯಿಂದ ಅಳತೆ ಹಾಕ್ತೀನಿ ಸಾರ್.”

“‘ಸಾಕಷ್ಟು ಮರಳು ಹಾಕಿದೆ’. ಸಾಕಷ್ಟು ಅಂದ್ರೆ ಎಷ್ಟು? ರಾಶಿಯಲ್ಲಿ ಉಳಿದದ್ದೆಷ್ಟು? ಲೆಕ್ಕ ನೋಡೋರು ಬಂದ್ರೆ ನಿಮ್ಮ ಉತ್ಸಾಹ ಅಳೆಯೋದಿಲ್ಲ ಕಣ್ರೀ, ಮರಳು ಅಳೀತಾರೆ.”

ನಾನು ನಕ್ಕೆ. ಅವರೂ ನಕ್ಕರು.

“ಇನ್ನೊಂದು. ‘ಏರಿ ಈಗ ಭದ್ರವಾಗಿದೆ’ ಅಂತ ಬರೆದಿದೀರಿ. ಭದ್ರ ಅಂತ ನಿಮಗೆ ಗೊತ್ತಾ?”

“ನೀರು ತಿಳಿಯಾಗಿದೆ ಅಂತ ಗೊತ್ತು.”

“ಅಷ್ಟನ್ನೇ ಬರೀರಿ. ಯಾವತ್ತು ನೋಡಿದ್ರಿ, ಆಗ ಕೆರೇಲಿ ನೀರು ಎಲ್ಲಿಗಿತ್ತು, ಅದನ್ನೂ ಬರೀರಿ. ಒಳಗೆ ಯಾಕೆ ತೂತಾಯ್ತು ಅಂತ ನನಗೂ ಗೊತ್ತಾಗ್ಲಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೆದ್ರೆ ಮುಂದಿನವರು ಹುಡುಕ್ತಾರೆ. ಭದ್ರ ಅಂತ ಬರೆದ್ರೆ ಮಲಗ್ತಾರೆ.”

ಅಲ್ಲೇ ಜಗಲಿಯಲ್ಲಿ ಕೂತು ಹೊಸದಾಗಿ ಬರೆಯಲು ಶುರುಮಾಡಿದೆ. ಮರುದಿನ ಕೆರೆಗೆ ಹೋಗಿ ಅಳತೆ ಹಾಕಿ, ಉಳಿದ ಮರಳು ಜಲ್ಲಿಯನ್ನು ಪಟೇಲರ ಎದುರಿಗೇ ಅಳೆದು, ಅವರ ರುಜು ಹಾಕಿಸಿ ಮುಗಿಸಿದೆ. ಪಟೇಲರು ಈ ಸಲ ರುಜು ಹಾಕುವ ಮುಂಚೆ ಪ್ರತಿ ಸಾಲನ್ನೂ ನನ್ನಿಂದ ಓದಿಸಿಕೊಂಡರು.

ಬೇಸಿಗೆಗೆ ಮುಂಚೆ ಆಡಿಟ್ ಬಂತು. ಆಡಿಟರು ಸಣ್ಣ ಆಳು, ಕರಿ ಕೋಟು, ಕೈಯಲ್ಲಿ ಸದಾ ಕೊಡೆ. ಅವರು ಬಂದರೆ ಇಡೀ ಆಫೀಸು ಪಿಸುಮಾತಿಗೆ ಇಳಿಯುತ್ತಿತ್ತು. ಮೂರನೇ ದಿನ ನನ್ನನ್ನು ಕರೆಸಿದರು.

“ಏನ್ರೀ, ಈ ಕೆರೆ ಕೆಲಸಕ್ಕೆ ತಂದ ಮರಳು ಪೂರಾ ಖರ್ಚಾಗಿಲ್ಲ. ಉಳಿದದ್ದರಲ್ಲಿ ಒಂದಿಷ್ಟು ಆಮೇಲೆ ಖರ್ಚಾಗಿದೆ, ಅದಕ್ಕೆ ಎಸ್ಟಿಮೇಟ್ ಇಲ್ಲ. ಎಲ್ಲಿ ಹೋಯ್ತು?”

ಬಾಯಿ ತೆಗೆದರೆ ಇಡೀ ಕತೆ ಬರುತ್ತಿತ್ತು. ತಡೆದುಕೊಂಡೆ. ಗುಬ್ಬಿಯವರ ಮೂರು ಹಾಳೆ, ನನ್ನ ಎರಡು ಹಾಳೆ ಮುಂದಿಟ್ಟೆ. ಅವರು ಓದಿದರು. ಮೊದಲನೆಯದರಲ್ಲಿ ಉಳಿದ ಲೆಕ್ಕದ ಮೇಲೆ ಬೆರಳಿಟ್ಟರು, ನನ್ನದರಲ್ಲಿ ಖರ್ಚಿನ ಮೇಲೆ ಇನ್ನೊಂದು ಬೆರಳು. ಹಿಂಬದಿಯ ರುಜುಗಳನ್ನು ತಾಳೆ ನೋಡಿದರು. ಇಂಜಿನಿಯರು ಜಾಗ ನೋಡಿ ಹಾಕಿದ ಷರಾ ಓದಿದರು. ಆಮೇಲೆ ಕೊಡೆ ತಗೊಂಡು ಎದ್ದರು.

“ನಡೀರಿ, ನೋಡೋಣ.”

ಜೀಪಿನಲ್ಲಿ ಹೋದೆವು. ಏರಿ ಬುಡದಲ್ಲಿ ಇಳಿದಾಗ ನಾನು ಮುಂದಾಗಿ ದಾರಿ ತೋರಿಸಹೋದೆ. ಅವರು ಕೊಡೆ ಅಡ್ಡ ಹಿಡಿದರು.

“ನೀವು ಇಲ್ಲೇ ಇರಿ. ನೀವು ತೋರಿಸಿದ್ರೆ ನಿಮ್ಮ ಬರಹ ಏನು ತೋರಿಸ್ತು?”

ನಾನು, ಪಟೇಲರು, ಜೀಪಿನ ಡ್ರೈವರು ದೂರದಲ್ಲಿ ನಿಂತೆವು. ಆಡಿಟರು ನೀರುಗಂಟಿಯ ಕೈಗೆ ಟೇಪಿನ ತುದಿ ಕೊಟ್ಟು, ಹಾಳೆ ಓದುತ್ತ, ಪಂಚೆ ಎತ್ತಿ ಕಟ್ಟಿ ಹುಲ್ಲಿನಲ್ಲಿ ಹೊರಟರು. ಒಂದು ಕಡೆ ನಿಂತರು. ಹಿಂದೆ ತಿರುಗಿ ತೂಬು ನೋಡಿದರು. ಪಟೇಲರು ನನ್ನ ತೋಳು ಹಿಡಿದುಕೊಂಡು “ಇನ್ನ ಮುಂದಕ್ಕೆ, ಇನ್ನ ಮುಂದಕ್ಕೆ” ಎಂದು ಪಿಸುಗುಡುತ್ತಿದ್ದರು. ಆಡಿಟರು ಮುಂದೆ ನಡೆದರು. ಬಗ್ಗಿದರು. ಕೊಡೆಯ ತುದಿಯಿಂದ ಹುಲ್ಲು ಸರಿಸಿದರು. ಕಲ್ಲಿಗೆ ಕೊಡೆ ತಗುಲಿದ ಸದ್ದು ನಮಗೂ ಕೇಳಿಸಿತು.

“ಸಿಕ್ತು!” ಎಂದು ಆ ಕರಿ ಕೋಟಿನ ಮನುಷ್ಯ ಕೊಡೆ ಮೇಲೆತ್ತಿ ಕೂಗಿದರು. ಹಾಗೆ ಕೂಗಬಲ್ಲವರೆಂದು ಆಫೀಸಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ನಾವು ಮೂವರೂ ಓಡಿದೆವು. ಅವರು ಕಲ್ಲು, ಅದರಡಿಯ ಜಲ್ಲಿ, ಮರಳು ಕೆದಕಿ ನೋಡಿ, ರಾಶಿಯ ಅಗಲ ಉದ್ದ ಅಳೆದು, ಚಾವಡಿಯ ಹಿಂದೆ ಉಳಿದದ್ದನ್ನೂ ಅಳೆದರು. ಲೆಕ್ಕ ಕೂಡಿತು. ಪಟೇಲರ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತ ಆಕ್ಷೇಪಣೆ ಕೈಬಿಟ್ಟಿದೆ ಎಂದು ಬರೆದರು. ಆಮೇಲೆ ಕನ್ನಡಕ ಒರೆಸಿಕೊಂಡು, “ಪೂರ್ವದ ಕಡೆಗೆ ಎಸ್ಟಿಮೇಟ್ ಯಾಕೆ ಕಳಿಸಿಲ್ಲ? ಈ ಐದು ಹಾಳೆ ಜೊತೆಗಿಟ್ಟು ಕಳಿಸಿ. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು?” ಅಂದರು.

ಹಾಗೇ ಮಾಡಿದೆವು. ಆ ಬೇಸಿಗೆಯಲ್ಲೇ ಮಂಜೂರಾತಿ ಬಂತು. ಪೂರ್ವದ ಬುಡ ಅಗೆದಾಗ ಕಾರಣವೂ ಸಿಕ್ಕಿತು. ಎಷ್ಟೋ ಕಾಲದ ಹಿಂದೆ ಕೊಳೆತುಹೋದ ಒಂದು ಮರದ ಬೇರು, ಅದರ ಜಾಡಿನಲ್ಲಿ ಏರಿಯೊಳಗೆ ಟೊಳ್ಳು. ಅಗೆಯುತ್ತಿದ್ದ ಆಳು ಕಪ್ಪಗಿನ ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. ಟೊಳ್ಳನ್ನೆಲ್ಲ ಬಗೆದು ತೆಗೆದು, ಒಳ್ಳೆ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ ತುಂಬಿಸಿ, ಹೊರಬುಡಕ್ಕೆ ಬಸಿಗಾಲುವೆ ಮಾಡಿದೆವು. ಕೆಲಸದ ಕೊನೆಯ ದಿನ ನಾನು ಏರಿಯ ಕಲ್ಲಿನ ಮೇಲೆ ಕೂತು, ತೊಡೆ ಮೇಲೆ ರಟ್ಟು ಇಟ್ಟುಕೊಂಡು, ಬೇರು ಎಷ್ಟು ಆಳದಲ್ಲಿತ್ತು, ಯಾವ ದಿಕ್ಕಿಗೆ ಹೋಗಿತ್ತು, ಎಲ್ಲಿಯವರೆಗೆ ಅಗೆದೆವು, ಎಲ್ಲಿಂದಾಚೆಗೆ ಅಗೆಯಲಿಲ್ಲ ಎಂದು ಬರೆದೆ. ಬರೆದು ಮುಗಿಸಿ ಆಚೆ ಹಳ್ಳಿಯಿಂದ ಬಂದಿದ್ದ ಒಬ್ಬ ಮೇಸ್ತ್ರಿಯ ಕೈಗೆ ಕೊಟ್ಟೆ. ಅವನಿಗೆ ಈ ಕೆಲಸದ ಗಂಧಗಾಳಿ ಇರಲಿಲ್ಲ. ಅವನು ಕೂಡಿಸಿ ಕೂಡಿಸಿ ಓದಿ, ಎದ್ದು, ಏರಿ ಇಳಿದು, ನೇರವಾಗಿ ಆ ಜಾಗಕ್ಕೆ ಹೋಗಿ ನಿಂತುಕೊಂಡು ಕೈಬೀಸಿದ. ನಾನೂ ಎದ್ದು ಎರಡೂ ಕೈ ಎತ್ತಿ ಬೀಸಿದೆ.